ರೀನಲ್ ಡಿನರ್ವೇಷನ್ (ಮೂತ್ರಪಿಂಡದ ನರದಹನ)

ಮೂರು ಬಗೆಯ ಮಾತ್ರೆ ನುಂಗಿದರೂ ಇಳಿಯದ ರಕ್ತದೊತ್ತಡಕ್ಕೆ ಮಾಡುವ ಕ್ಯಾತಿಟರ್ ಚಿಕಿತ್ಸೆ ಇದು. ಮಿದುಳಿನಿಂದ ಮೂತ್ರಪಿಂಡಕ್ಕೆ ಹೋಗುವ ಸಿಂಪಥೆಟಿಕ್ ನರಗಳು ಅದರ ರಕ್ತನಾಳದ ಹೊರಗೋಡೆಯನ್ನು ಬಳ್ಳಿಯಂತೆ ಸುತ್ತಿಕೊಂಡಿರುತ್ತವೆ. ಅವು ಕೆರಳಿದರೆ ಮೂತ್ರಪಿಂಡ ಉಪ್ಪನ್ನು ಹಿಡಿದಿಟ್ಟುಕೊಳ್ಳುತ್ತದೆ, ರೆನಿನ್ ಸ್ರವಿಸುತ್ತದೆ, ಒತ್ತಡ ಏರುತ್ತದೆ. ಈ ನರಗಳನ್ನು ನಾಳದ ಒಳಗಿನಿಂದಲೇ ಸುಟ್ಟು ನಿಷ್ಕ್ರಿಯಗೊಳಿಸುವುದು ಚಿಕಿತ್ಸೆಯ ಗುರಿ.

ನರ ಕತ್ತರಿಸುವ ವಿಚಾರ ಹಳೆಯದು. ಒಳ್ಳೆಯ ಮಾತ್ರೆಗಳಿಲ್ಲದ ಕಾಲದಲ್ಲಿ ಬಾಸ್ಟನ್‌ನ ಸರ್ಜನ್ ರೆಜಿನಾಲ್ಡ್ ಸ್ಮಿತ್‌ವಿಕ್ ಬೆನ್ನುಮೂಳೆಯ ಪಕ್ಕದ ನರಸರಪಳಿಯನ್ನೇ ಕತ್ತರಿಸುತ್ತಿದ್ದರು. 1953ರಲ್ಲಿ ಪ್ರಕಟವಾದ ಅವರ ವರದಿಯ ಪ್ರಕಾರ ಐದು ವರ್ಷದೊಳಗೆ ತೀರಿಕೊಂಡವರು ಶಸ್ತ್ರಚಿಕಿತ್ಸೆಯಾದವರಲ್ಲಿ ಶೇ. 19, ಆಗದವರಲ್ಲಿ ಶೇ. 54. ಆದರೆ ಬದುಕಿದವರು ತೆತ್ತ ಬೆಲೆ ದೊಡ್ಡದು: ಎದ್ದು ನಿಂತರೆ ಕಣ್ಣು ಕತ್ತಲೆ, ಬೆವರಿಲ್ಲದ ಚರ್ಮ, ಗಂಡಸರಲ್ಲಿ ನಪುಂಸಕತ್ವ. ಮೂತ್ರ ಹೆಚ್ಚಿಸುವ ಥಯಾಜೈಡ್ ಮಾತ್ರೆಗಳು ಬಂದ ಮೇಲೆ ಈ ಶಸ್ತ್ರಚಿಕಿತ್ಸೆ ಮರೆಯಾಯಿತು.

2009ರಲ್ಲಿ ಮೆಲ್ಬರ್ನ್‌ನ ಹೆನ್ರಿ ಕ್ರಮ್ ಮತ್ತು ಸಂಗಡಿಗರು ಕ್ಯಾತಿಟರ್ ವಿಧಾನದ ಮೊದಲ ಫಲಿತಾಂಶ ಪ್ರಕಟಿಸಿದರು. ಮರುವರ್ಷದ ಪರೀಕ್ಷೆಯಲ್ಲಿ ಕ್ಲಿನಿಕ್‌ನಲ್ಲಿ ಅಳೆದ ಮೇಲಿನ ಒತ್ತಡ 32 ಅಂಕ ಇಳಿದಿತ್ತು. ವೈದ್ಯಲೋಕ ಸಂಭ್ರಮಿಸಿತು. ಆ ಸಂಭ್ರಮ 2014ರವರೆಗೆ ಮಾತ್ರ. ಅಮೆರಿಕದಲ್ಲಿ 535 ಜನರ ಮೇಲೆ ನಡೆದ ಸಿಂಪ್ಲಿಸಿಟಿ ಎಚ್‌ಟಿಎನ್-3 ಪರೀಕ್ಷೆಯಲ್ಲಿ ಒಂದು ಗುಂಪಿಗೆ ನಿಜವಾದ ಚಿಕಿತ್ಸೆ, ಇನ್ನೊಂದು ಗುಂಪಿಗೆ ಆಂಜಿಯೋಗ್ರಾಂ ಮಾತ್ರ. ತಮಗೆ ಏನಾಗಿದೆ ಎಂದು ಯಾರಿಗೂ ತಿಳಿಸಲಿಲ್ಲ. ಆರು ತಿಂಗಳಿಗೆ ಮೊದಲ ಗುಂಪಿನಲ್ಲಿ ಸುಮಾರು 14 ಅಂಕ ಇಳಿದರೆ, ಏನನ್ನೂ ಸುಡದ ಗುಂಪಿನಲ್ಲೂ ಸುಮಾರು 12 ಇಳಿದಿತ್ತು.

ಈ ಸೋಲೇ ಇಡೀ ಇತಿಹಾಸದ ತಿರುವು. ಪರೀಕ್ಷೆಗೆ ಸೇರಿದವರು ಮಾತ್ರೆಯನ್ನು ಶ್ರದ್ಧೆಯಿಂದ ನುಂಗತೊಡಗಿದರೆ ಅಷ್ಟಕ್ಕೇ ಒತ್ತಡ ಇಳಿಯಬಹುದು. ಅಲ್ಲದೆ ಆಗಿನ ಕ್ಯಾತಿಟರ್‌ಗೆ ಇದ್ದದ್ದು ಒಂದೇ ಎಲೆಕ್ಟ್ರೋಡ್. ಅದನ್ನು ಕೈಯಿಂದ ತಿರುಗಿಸುತ್ತ ನಾಳದ ಸುತ್ತಲೂ ಸುಡಬೇಕಿತ್ತು, ಹೆಚ್ಚಿನವರಲ್ಲಿ ಸುತ್ತು ಪೂರ್ಣವಾಗಿರಲಿಲ್ಲ. ನರ ಸತ್ತಿತೋ ಇಲ್ಲವೋ ಎಂದು ಮೇಜಿನ ಮೇಲೆಯೇ ತಿಳಿಯುವ ಒಪ್ಪಿತ ಪರೀಕ್ಷೆ ಇಂದಿಗೂ ಇಲ್ಲ.

ಮುಂದೆ ನಾಲ್ಕು ಎಲೆಕ್ಟ್ರೋಡ್‌ಗಳ ಸುರುಳಿ ಕ್ಯಾತಿಟರ್ ಬಂತು. ತಂಪು ನೀರು ಹರಿಯುವ ಬಲೂನಿನೊಳಗಿಂದ ಅಲ್ಟ್ರಾಸೌಂಡ್ ಹಾಯಿಸುವ ಸಾಧನವೂ ಬಂತು. ತೊಡೆಸಂದಿನ ರಕ್ತನಾಳದ ಮೂಲಕ ಇವನ್ನು ಮೂತ್ರಪಿಂಡದ ನಾಳಕ್ಕೆ ತಲುಪಿಸುತ್ತಾರೆ. ಸುಡುವಾಗ ಹೊಟ್ಟೆ, ಬೆನ್ನು ನೋಯುವುದರಿಂದ ನೋವು ತಡೆಯುವ ಮದ್ದು ಕೊಡಲೇಬೇಕು. ಅಣಕು ಚಿಕಿತ್ಸೆಯೊಂದಿಗೆ ಹೋಲಿಸಿದ ಹೊಸ ಪರೀಕ್ಷೆಗಳಲ್ಲಿ ಸಿಕ್ಕ ಹೆಚ್ಚುವರಿ ಇಳಿಕೆ ಸರಾಸರಿ ಐದು ಅಂಕದ ಆಸುಪಾಸು. ಎರಡೂ ಸಾಧನಗಳಿಗೆ ಅಮೆರಿಕದ ಒಪ್ಪಿಗೆ ಸಿಕ್ಕಿದ್ದು 2023ರ ನವೆಂಬರ್‌ನಲ್ಲಿ.

ಯಾರಿಗೆ ಸೂಕ್ತ ಎಂಬುದನ್ನು ಒಂದು ಕಲ್ಪಿತ ಉದಾಹರಣೆಯಿಂದ ನೋಡಬಹುದು. ಚಾಮರಾಜಪೇಟೆಯ 58 ವರ್ಷದ ಯಜಮಾನರೊಬ್ಬರು ಆಮ್ಲೊಡಿಪಿನ್, ಟೆಲ್ಮಿಸಾರ್ಟನ್, ಕ್ಲೋರ್ತಾಲಿಡೋನ್ ಮೂರನ್ನೂ ದೇಹ ತಡೆದುಕೊಳ್ಳುವಷ್ಟು ಪೂರ್ತಿ ಪ್ರಮಾಣದಲ್ಲಿ ತೆಗೆದುಕೊಳ್ಳುತ್ತಾರೆ. ಕ್ಲಿನಿಕ್‌ನಲ್ಲಿ ಬಿಪಿ 168/98. ಮೊದಲ ಹೆಜ್ಜೆ ತೋಳಿಗೆ ಪಟ್ಟಿ ಕಟ್ಟಿ 24 ಗಂಟೆಯ ದಾಖಲೆ ತೆಗೆಯುವುದು. ಸರಾಸರಿ 130/80ಕ್ಕಿಂತ ಕಡಿಮೆ ಬಂದರೆ ಅದು ಡಾಕ್ಟರನ್ನು ಕಂಡಾಗ ಏರುವ ಬಿಪಿ, ಮಾತು ಅಲ್ಲಿಗೇ ಮುಗಿಯಿತು. ಇವರದು 152/90 ಎನ್ನೋಣ. ಆಗ ಮನೆಯವರನ್ನು ಕೂರಿಸಿ ಕೇಳಬೇಕು: ಮಂಡಿನೋವಿಗೆ ದಿನವೂ ಡೈಕ್ಲೋಫೆನಾಕ್ ಇದೆಯೇ? ರಾತ್ರಿ ಗೊರಕೆಯ ನಡುವೆ ಉಸಿರು ನಿಲ್ಲುತ್ತದೆಯೇ? ಗಾಂಧಿ ಬಜಾರ್‌ನ ಕಾಂಡಿಮೆಂಟ್ಸ್ ಅಂಗಡಿಯಿಂದ ತಂದ ಹಪ್ಪಳ, ಉಪ್ಪಿನಕಾಯಿ ಎರಡು ಹೊತ್ತೂ ಎಲೆಗೆ ಬೀಳುತ್ತದೆಯೇ? ಮಾತ್ರೆಗೆ ಬಗ್ಗದ ಬಿಪಿಯವರಲ್ಲಿ ಉಪ್ಪು ಇಳಿಸಿದರೆ ಸಿಗುವ ಫಲ ಕ್ಯಾತಿಟರ್‌ನ ಐದು ಅಂಕಕ್ಕಿಂತ ಎಷ್ಟೋ ಹೆಚ್ಚಿರಬಹುದು.

ಬಳಿಕ ರಕ್ತದಲ್ಲಿ ಅಲ್ಡೋಸ್ಟೆರೋನ್ ಮತ್ತು ರೆನಿನ್ ಪರೀಕ್ಷೆ. ಒಂದೇ ಪಕ್ಕದ ಅಡ್ರಿನಲ್ ಗ್ರಂಥಿಯ ಗಡ್ಡೆ ಕಾರಣವಾಗಿದ್ದರೆ ಅದನ್ನು ತೆಗೆಯುವುದೇ ಸರಿಯಾದ ಶಸ್ತ್ರಚಿಕಿತ್ಸೆ. ಹರೆಯದ ಹೆಣ್ಣುಮಕ್ಕಳಲ್ಲಿ ಮೂತ್ರಪಿಂಡದ ನಾಳ ಕಿರಿದಾಗಿಸುವ ತಕಾಯಸು ಕಾಯಿಲೆಯನ್ನು ಭಾರತದಲ್ಲಿ ವಿಶೇಷವಾಗಿ ನೆನಪಿಡಬೇಕು. ಅಂಥ ನಾಳವನ್ನು ಬಲೂನಿನಿಂದ ಹಿಗ್ಗಿಸಬೇಕಾಗಬಹುದು, ಸುಡುವಂತಿಲ್ಲ. ವಯಸ್ಸಾದವರಲ್ಲಿ ಕೊಬ್ಬುಗಟ್ಟಿ ಕಿರಿದಾದ ನಾಳಕ್ಕೆ ಸ್ಟೆಂಟ್ ಹಾಕುವುದರಿಂದ ಮಾತ್ರೆಗಿಂತ ಹೆಚ್ಚಿನ ಲಾಭವಿಲ್ಲವೆಂದು 2014ರ ಕೋರಲ್ ಪರೀಕ್ಷೆ ತೋರಿಸಿತು.

ಇವೆಲ್ಲ ಇಲ್ಲವೆಂದಾದರೆ ನಾಲ್ಕನೆಯ ಮದ್ದಾಗಿ ಸ್ಪೈರೊನೊಲ್ಯಾಕ್ಟೋನ್ ಕೊಟ್ಟು, ಪೊಟ್ಯಾಸಿಯಂ ಮೇಲೆ ಕಣ್ಣಿಡುತ್ತಾರೆ. ಅದು ಕೆಲಸ ಮಾಡದಿದ್ದರೆ, ಇಲ್ಲವೇ ಎದೆ ಊತದಂಥ ತೊಂದರೆಯಿಂದ ನಿಲ್ಲಿಸಬೇಕಾಗಿ ಬಂದರೆ, ನಮ್ಮ ಯಜಮಾನರು ನರದಹನಕ್ಕೆ ಯೋಗ್ಯರು. ಅದಕ್ಕೂ ಮೂತ್ರಪಿಂಡದ ಸೋಸುವಿಕೆ, ಅಂದರೆ ಇಜಿಎಫ್ಆರ್, 40ಕ್ಕಿಂತ ಮೇಲಿರಬೇಕು, ನಾಳ ಸಾಕಷ್ಟು ಅಗಲವಿರಬೇಕು. ಗರ್ಭಿಣಿಯರಿಗೆ ಇದು ಸಲ್ಲದು. ಫಲ ವಾರ, ತಿಂಗಳುಗಳಲ್ಲಿ ನಿಧಾನವಾಗಿ ಕಾಣುತ್ತದೆ, ಕೆಲವರಲ್ಲಿ ಕಾಣುವುದೇ ಇಲ್ಲ. ಹೆಚ್ಚಿನವರು ಮಾತ್ರೆಗಳನ್ನು ಮುಂದುವರಿಸಲೇಬೇಕು. ಇದನ್ನು ರೋಗಿಗೆ ಮೊದಲೇ ಬಿಡಿಸಿ ಹೇಳದೆ ಸಹಿ ಪಡೆಯುವುದು ತಪ್ಪು.

ಇಂಥ ಬಿಪಿಗೆ ನರದಹನವಲ್ಲದೆ, ಕುತ್ತಿಗೆಯ ಕೆರೋಟಿಡ್ ನಾಳದ ಒತ್ತಡಗ್ರಾಹಿಗಳನ್ನು ವಿದ್ಯುತ್ತಿನಿಂದ ಚುರುಕುಗೊಳಿಸುವ ಸಾಧನವೂ, ಸೊಂಟದ ಕೆಳಗಿನ ಶುದ್ಧ ಮತ್ತು ಅಶುದ್ಧ ರಕ್ತನಾಳಗಳನ್ನು ಬೆಸೆಯುವ ವಿಧಾನವೂ ಪ್ರಯೋಗಕ್ಕೆ ಬಂದವು. ಎರಡನೆಯದರಲ್ಲಿ ಒತ್ತಡವೇನೋ ಇಳಿಯಿತು, ಆದರೆ ಅನೇಕರ ಕಾಲಿನ ಅಶುದ್ಧ ರಕ್ತನಾಳ ಕಿರಿದಾಗಿ ಕಾಲು ಊದಿಕೊಂಡಿತು.