ಗೋಲ್‌ಕೀಪರ್‌ನ ಕಾಲ್ಚಳಕ ಮತ್ತು ಚೆಂಡಿನ ವಿತರಣೆ

ಫುಟ್‌ಬಾಲ್‌ನಲ್ಲಿ ಗೋಲ್‌ಕೀಪರ್‌ ತನ್ನ ಬಳಿಗೆ ಬಂದ ಚೆಂಡನ್ನು ಪಾಸ್, ಗೋಲ್ ಕಿಕ್ ಅಥವಾ ಎಸೆತದ ಮೂಲಕ ಸಹ ಆಟಗಾರರಿಗೆ ತಲುಪಿಸುವುದನ್ನು ಚೆಂಡಿನ ವಿತರಣೆ ಎನ್ನುತ್ತಾರೆ. ಒಂದು ಕಾಲದಲ್ಲಿ ಗೋಲ್‌ಕೀಪರ್‌ನ ಯೋಗ್ಯತೆಯನ್ನು ಅವನ ಕೈಗಳಿಂದಲೇ ಅಳೆಯಲಾಗುತ್ತಿತ್ತು. ಇಂದು ಅವನು ತಂಡದ ಆಕ್ರಮಣವನ್ನು ಆರಂಭಿಸುವ ಆಟಗಾರನೂ ಆಗಿದ್ದಾನೆ. ಈ ಬದಲಾವಣೆಗೆ ಮುಖ್ಯ ಕಾರಣ ನಿಯಮಗಳ ಎರಡು ತಿದ್ದುಪಡಿಗಳು.

ನಿಯಮಗಳ ಬದಲಾವಣೆ

1992ಕ್ಕೆ ಮೊದಲು ರಕ್ಷಣಾ ಆಟಗಾರನು ಹಿಂದಕ್ಕೆ ಒದ್ದ ಚೆಂಡನ್ನು ಗೋಲ್‌ಕೀಪರ್‌ ಕೈಯಲ್ಲಿ ಎತ್ತಿಕೊಳ್ಳಬಹುದಿತ್ತು. ಮುನ್ನಡೆಯಲ್ಲಿದ್ದ ತಂಡಗಳು ಇದನ್ನೇ ಕಾಲಹರಣದ ಉಪಾಯವಾಗಿ ಬಳಸುತ್ತಿದ್ದವು. 1990ರ ಇಟಲಿ ವಿಶ್ವಕಪ್‌ನ ಬೇಸರದ ಆಟದ ಬಳಿಕ, 1992ರಲ್ಲಿ ಬ್ಯಾಕ್‌ಪಾಸ್ ನಿಯಮ ಜಾರಿಗೆ ಬಂತು. ಸಹ ಆಟಗಾರನು ಉದ್ದೇಶಪೂರ್ವಕವಾಗಿ ಕಾಲಿನಿಂದ ಒದ್ದು ಕಳುಹಿಸಿದ ಚೆಂಡನ್ನು ಗೋಲ್‌ಕೀಪರ್‌ ಕೈಯಿಂದ ಮುಟ್ಟಿದರೆ ಎದುರಾಳಿಗೆ ಪರೋಕ್ಷ ಫ್ರೀ ಕಿಕ್ ದೊರೆಯುತ್ತದೆ. ತಲೆ ಅಥವಾ ಎದೆಯಿಂದ ಸಹಜವಾಗಿ ಕಳುಹಿಸಿದ ಚೆಂಡಿಗೆ ಈ ನಿರ್ಬಂಧವಿಲ್ಲ. ಹೀಗೆ ಕೈಯ ಆಸರೆ ತಪ್ಪಿದಾಗ ಕಾಲು ಅನಿವಾರ್ಯವಾಯಿತು. ಆದರೂ ಹಲವು ವರ್ಷ ಬಹುತೇಕ ಗೋಲ್‌ಕೀಪರ್‌ಗಳು ಕಲಿತದ್ದು ಬಂದ ಚೆಂಡನ್ನು ದೂರಕ್ಕೆ ಒದ್ದು ಅಪಾಯ ನೀಗಿಸುವುದನ್ನು ಮಾತ್ರ.

ಎರಡನೆಯ ತಿದ್ದುಪಡಿ 2019ರದು. ಅದುವರೆಗೆ ಗೋಲ್ ಕಿಕ್‌ನ ಚೆಂಡು ಪೆನಾಲ್ಟಿ ಆವರಣವನ್ನು ದಾಟುವವರೆಗೆ ಯಾರೂ ಅದನ್ನು ಮುಟ್ಟುವಂತಿರಲಿಲ್ಲ. ಈಗ ಒದ್ದ ಚೆಂಡು ಸ್ಪಷ್ಟವಾಗಿ ಚಲಿಸಿದೊಡನೆ ಆಟ ಆರಂಭವಾಗುತ್ತದೆ. ಅಲ್ಲಿಯವರೆಗೆ ಎದುರಾಳಿಗಳು ಆವರಣದ ಹೊರಗಿರಬೇಕು. ಆದ್ದರಿಂದ ರಕ್ಷಣಾ ಆಟಗಾರರು ಗೋಲ್‌ಕೀಪರ್‌ನ ಎಡಬಲಗಳಲ್ಲಿ, ಆವರಣದೊಳಗೇ ನಿಂತು ಪಾಸ್ ಪಡೆಯುವುದು ಸಾಧ್ಯವಾಯಿತು.

ಹನ್ನೊಂದನೆಯ ಆಟಗಾರ

ಇದರ ಲಾಭ ಸರಳ ಲೆಕ್ಕದ್ದು. ಎದುರಾಳಿಯ ಗೋಲ್‌ಕೀಪರ್‌ ತನ್ನ ಗೋಲಿನ ಬಳಿಯೇ ಉಳಿಯುವುದರಿಂದ ಚೆಂಡನ್ನು ಕಸಿಯಲು ಮುನ್ನುಗ್ಗಬಲ್ಲವರು ಹೆಚ್ಚೆಂದರೆ ಹತ್ತು ಮಂದಿ. ಚೆಂಡಿರುವ ತಂಡದ ಗೋಲ್‌ಕೀಪರ್‌ ಪಾಸ್ ಮಾಡಬಲ್ಲವನಾದರೆ ಆಡುವವರು ಹನ್ನೊಂದು. ಎಲ್ಲೋ ಒಬ್ಬನು ಕಾವಲಿಲ್ಲದೆ ಉಳಿಯಲೇಬೇಕು.

ಗೋಲ್‌ಕೀಪರ್‌ನ ಕಾಲಲ್ಲಿ ಚೆಂಡಿದೆ. ಇಬ್ಬರು ಸೆಂಟರ್ ಬ್ಯಾಕ್‌ಗಳು ಅಗಲವಾಗಿ ಸರಿದಿದ್ದಾರೆ ಎಂದುಕೊಳ್ಳೋಣ. ಎದುರಾಳಿ ಸ್ಟ್ರೈಕರ್ ಎಡ ಸೆಂಟರ್ ಬ್ಯಾಕ್‌ನನ್ನು ಬಿಟ್ಟು ಗೋಲ್‌ಕೀಪರ್‌ನತ್ತ ನುಗ್ಗುತ್ತಾನೆ. ಜಾಣ ಸ್ಟ್ರೈಕರ್ ನೇರವಾಗಿ ಓಡುವುದಿಲ್ಲ. ತಾನು ಬಿಟ್ಟುಬಂದವನಿಗೆ ಹೋಗುವ ಪಾಸಿನ ದಾರಿಯನ್ನು ಮೈಯಿಂದಲೇ ಮುಚ್ಚುವಂತೆ ಬಾಗಿ ಓಡುತ್ತಾನೆ. ಆಗ ಗೋಲ್‌ಕೀಪರ್‌ ಮುಂದಿರುವ ಮಿಡ್‌ಫೀಲ್ಡರ್‌ಗೆ ಪಾಸ್ ಕೊಡುತ್ತಾನೆ. ಅವನು ಚೆಂಡನ್ನು ನಿಲ್ಲಿಸದೆ, ಒಂದೇ ಸ್ಪರ್ಶದಲ್ಲಿ ಎಡ ಸೆಂಟರ್ ಬ್ಯಾಕ್‌ಗೆ ದಾಟಿಸುತ್ತಾನೆ. ಸ್ಟ್ರೈಕರ್ ಹಿಂದೆ ಉಳಿದ. ಸೆಂಟರ್ ಬ್ಯಾಕ್‌ನ ಮುಂದೆ ಬಯಲಿದೆ. ಇಲ್ಲಿ ಗೋಲ್‌ಕೀಪರ್‌ನ ಕೌಶಲವೆಂದರೆ ಒದೆತದ ಬಲವಲ್ಲ, ಕಾಯುವ ಧೈರ್ಯ. ಸ್ಟ್ರೈಕರ್ ಹತ್ತಿರ ಬರುವ ಮೊದಲೇ ಪಾಸ್ ಕೊಟ್ಟರೆ ಯಾರೂ ಬಿಡುವಾಗುವುದಿಲ್ಲ, ತಡವಾದರೆ ಗೋಲು.

ಆದ್ದರಿಂದಲೇ ತರಬೇತಿಯಲ್ಲಿ ಚೆಂಡು ಬರುವ ಮೊದಲೇ ಎರಡೂ ಬದಿ ತಿರುಗಿ ನೋಡುವುದು, ಮೈಯನ್ನು ಮೈದಾನಕ್ಕೆ ತೆರೆದಿಟ್ಟು ದೂರದ ಕಾಲಿನಿಂದ ಚೆಂಡನ್ನು ಬರಮಾಡಿಕೊಳ್ಳುವುದು ಮತ್ತು ದುರ್ಬಲ ಕಾಲಿನ ಪಾಸ್ ಇವುಗಳಿಗೆ ಹೆಚ್ಚು ಸಮಯ ಮೀಸಲಿಡುತ್ತಾರೆ. ಒಂದೇ ಕಾಲಿನ ಗೋಲ್‌ಕೀಪರ್‌ನನ್ನು ಎದುರಾಳಿಗಳು ಬೇಗನೆ ಗುರುತಿಸಿ, ಅವನ ದುರ್ಬಲ ಕಾಲಿನತ್ತಲೇ ಅಟ್ಟುತ್ತಾರೆ.

ಕರ್ನಾಟಕದಲ್ಲಿ

ಕರ್ನಾಟಕದಲ್ಲಿ ಈ ಬಗೆಯ ಆಟದೊಂದಿಗೆ ಹೆಚ್ಚಾಗಿ ಗುರುತಿಸಲಾಗುವ ತಂಡ ಬೆಂಗಳೂರು ಎಫ್‌ಸಿ. ಬಾರ್ಸಿಲೋನಾ ಕ್ಲಬ್‌ನಲ್ಲಿ ಫ್ರಾಂಕ್ ರೈಕಾರ್ಡ್ ಅವರ ಸಹಾಯಕರಾಗಿದ್ದ ಆಲ್ಬರ್ಟ್ ರೋಕಾ 2016ರಲ್ಲಿ ಇದರ ತರಬೇತುದಾರರಾಗಿ, ಚೆಂಡನ್ನು ತಮ್ಮಲ್ಲೇ ಉಳಿಸಿಕೊಂಡು ಆಡುವ ಶೈಲಿಗೆ ಒತ್ತು ನೀಡಿದರು. ನಾರ್ವೆಯ ಸ್ಟಾಬೆಕ್ ತಂಡದಲ್ಲಿ ಆಡಿದ್ದ ಗುರುಪ್ರೀತ್ ಸಿಂಗ್ ಸಂಧು 2017ರಲ್ಲಿ ಕ್ಲಬ್ ಸೇರಿದರು. ರೋಕಾ ಅವರ ಸಹಾಯಕರಾಗಿದ್ದ ಕಾರ್ಲೆಸ್ ಕ್ವಾಡ್ರಾಟ್ ಅವರ ಮಾರ್ಗದರ್ಶನದಲ್ಲಿ ತಂಡವು 2018–19ರ ಇಂಡಿಯನ್ ಸೂಪರ್ ಲೀಗ್ ಗೆದ್ದಿತು. ಆ ಸಾಲಿನ ಗೋಲ್ಡನ್ ಗ್ಲೌವ್ ಸಂಧು ಅವರ ಪಾಲಾಯಿತು. ಅದು ಗೋಲು ತಡೆದವರಿಗೆ ಸಲ್ಲುವ ಪ್ರಶಸ್ತಿ. ಪಾಸ್‌ಗಳಿಗೆ ಅಲ್ಲಿ ಲೆಕ್ಕವಿಲ್ಲ.

ಅಪಾಯ ಮತ್ತು ಮಿತಿ

2016ರಲ್ಲಿ ಮ್ಯಾಂಚೆಸ್ಟರ್ ಸಿಟಿಗೆ ಬಂದ ಪೆಪ್ ಗಾರ್ಡಿಯೋಲಾ, ಇಂಗ್ಲೆಂಡ್ ತಂಡದ ಗೋಲ್‌ಕೀಪರ್‌ ಜೋ ಹಾರ್ಟ್ ಅವರನ್ನು ಬದಿಗಿರಿಸಿ, ಕಾಲ್ಚಳಕಕ್ಕೆ ಹೆಸರಾದ ಕ್ಲಾಡಿಯೊ ಬ್ರಾವೊ ಅವರನ್ನು ಕರೆತಂದರು. ಅದೇ ಅಕ್ಟೋಬರ್‌ನಲ್ಲಿ ಬಾರ್ಸಿಲೋನಾ ವಿರುದ್ಧ ಆವರಣದ ಹೊರಗೆ ಬಂದ ಬ್ರಾವೊ ಅವರ ಪಾಸ್ ನೇರವಾಗಿ ಲೂಯಿಸ್ ಸುವಾರೆಸ್ ಅವರ ಕಾಲಿಗೆ ಹೋಯಿತು. ಸುವಾರೆಸ್ ಅವರ ಒದೆತವನ್ನು ಹೊರಗಿದ್ದೇ ಕೈಯಿಂದ ತಡೆದ ಬ್ರಾವೊ ಕೆಂಪು ಕಾರ್ಡ್ ಪಡೆದರು. ಆಗ 0–1ರಿಂದ ಹಿಂದಿದ್ದ ತಂಡ 0–4ರಿಂದ ಸೋತಿತು. ಗಾರ್ಡಿಯೋಲಾ ವಿಧಾನವನ್ನು ಬದಲಿಸಲಿಲ್ಲ, ಗೋಲ್‌ಕೀಪರ್‌ನನ್ನು ಬದಲಿಸಿದರು. 2017ರಲ್ಲಿ ಎಡರ್ಸನ್ ಬಂದರು. ಅವರ ಉದ್ದನೆಯ ಒದೆತವೂ ನಿಖರವಾಗಿದ್ದುದರಿಂದ ಎದುರಾಳಿಗಳು ಎಲ್ಲರೂ ಮುನ್ನುಗ್ಗಲು ಹಿಂಜರಿಯಬೇಕಾಯಿತು.

ನೆಲದ ಸ್ಥಿತಿಯೂ ಮುಖ್ಯ. ಮೂಡಿಗೆರೆ, ಗೋಣಿಬೀಡಿನಂತಹ ಮಲೆನಾಡಿನ ಊರುಗಳಲ್ಲಿ ಮಳೆಗಾಲದ ಕೆಸರು ಮೈದಾನದ ಮೇಲೆ ನೆಲಕ್ಕಂಟಿದ ಪಾಸ್ ಅರ್ಧ ದಾರಿಯಲ್ಲೇ ನಿಲ್ಲಬಹುದು. ಅಲ್ಲಿ ಚೆಂಡನ್ನು ಬದಿಯ ಗೆರೆಯತ್ತ ಎತ್ತರಕ್ಕೆ ಒದೆಯುವುದೇ ಸರಿಯಾದ ವಿತರಣೆ.