ತಟ್ಟೆಯಲ್ಲಿ ಗುಲಾಬಿ ಚುಕ್ಕೆ ಕಂಡರೆ ನೀರು ವಿಷವೇ? ಸೆಲೆಕ್ಟಿವ್ ಮತ್ತು ಡಿಫರೆನ್ಶಿಯಲ್ ಮಾಧ್ಯಮಗಳ ಕಥೆ

ದುಂಡನೆಯ ಗಾಜಿನ ತಟ್ಟೆ, ಅದರ ತುಂಬ ಗುಲಾಬಿ ಚುಕ್ಕೆಗಳು. ಕೆಳಗೆ ಒಂದು ಸಾಲು: "ನಾವು ಕುಡಿಯುವ ನೀರಿನಲ್ಲಿ ಇಷ್ಟೊಂದು ವಿಷಾಣು! ಎಲ್ಲರಿಗೂ ಕಳಿಸಿ." ಇಂಥ ಚಿತ್ರ ನಿಮ್ಮ ಮೊಬೈಲಿಗೂ ಬಂದಿರಬಹುದು. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಅನೇಕ ಮನೆಗಳಿಗೆ ತೆರೆದ ಬಾವಿಯ ನೀರು, ಇಲ್ಲವೇ ಗುಡ್ಡದ ಬುಡದಿಂದ ಹರಿದು ಬರುವ ಅಬ್ಬಿ ನೀರೇ ಆಧಾರ. ಹಾಗಾಗಿ ಇಂಥ ಚಿತ್ರ ನೋಡಿದವರಿಗೆ ಭಯವಾಗುವುದು ಸಹಜ. ಆದರೆ ಆ ಗುಲಾಬಿ ಬಣ್ಣ ಏನು ಹೇಳುತ್ತದೆ, ಏನು ಹೇಳುವುದಿಲ್ಲ ಎಂದು ತಿಳಿಯಲು ತಟ್ಟೆಯಲ್ಲಿ ಹಾಕಿದ 'ಊಟ' ಯಾವುದು ಎಂಬುದನ್ನು ಮೊದಲು ನೋಡಬೇಕು.

ಬ್ಯಾಕ್ಟೀರಿಯಾಕ್ಕೆ ಊಟ ಹಾಕುವುದು ಏಕೆ?

ಒಂಟಿ ಬ್ಯಾಕ್ಟೀರಿಯಾ ಕಣ್ಣಿಗೆ ಕಾಣುವುದಿಲ್ಲ. ಪೋಷಕಾಂಶ ಬೆರೆಸಿ ಗಟ್ಟಿ ಮಾಡಿದ ಅಗಾರ್ ಮೇಲೆ ಬಿಟ್ಟರೆ ಒಂದು ರಾತ್ರಿಯಲ್ಲಿ ಅದು ಲಕ್ಷಾಂತರವಾಗಿ ಬೆಳೆದು ಚುಕ್ಕೆಯಾಗಿ ಕಾಣುತ್ತದೆ. ಈ ಚುಕ್ಕೆಗೆ ಕಾಲನಿ ಎನ್ನುತ್ತಾರೆ, ಅಗಾರ್ ಊಟಕ್ಕೆ ಮಾಧ್ಯಮ ಎನ್ನುತ್ತಾರೆ. ನ್ಯೂಟ್ರಿಯೆಂಟ್ ಅಗಾರ್ ಸಾದಾ ಊಟ. ಸಾಮಾನ್ಯ ಬ್ಯಾಕ್ಟೀರಿಯಾಗಳು ಬಹುತೇಕ ಅದರಲ್ಲಿ ಬೆಳೆಯುತ್ತವೆ, ಆದರೆ ಯಾವುದು ಯಾವುದೆಂದು ಅದು ಸುಲಭವಾಗಿ ತೋರಿಸುವುದಿಲ್ಲ.

ಸೆಲೆಕ್ಟಿವ್: ಒಳಗೆ ಬರುವವರು ಯಾರು?

ಅಪ್ಪೆಮಿಡಿಯನ್ನು ಉಪ್ಪಿನಲ್ಲಿ ಹಾಕಿಡುವುದನ್ನು ನೆನಪಿಸಿಕೊಳ್ಳಿ. ಅಷ್ಟು ಉಪ್ಪಿನಲ್ಲಿ ಮಿಡಿಯನ್ನು ಕೊಳೆಸುವ ಹೆಚ್ಚಿನ ಸೂಕ್ಷ್ಮಜೀವಿಗಳು ಬೆಳೆಯಲಾರವು. ಉಪ್ಪು ತಡೆಯುವ ಕೆಲವೇ ಜೀವಿಗಳಿಗೆ ಮಾತ್ರ ಅಲ್ಲಿ ಜಾಗ. ಸೆಲೆಕ್ಟಿವ್ ಮಾಧ್ಯಮ ಮಾಡುವುದೂ ಇಷ್ಟೇ. ಅದರಲ್ಲಿರುವ ಒಂದು ವಸ್ತು ಬೇಡದವುಗಳನ್ನು ತಡೆದು, ಬೇಕಾದವುಗಳಿಗೆ ದಾರಿ ಬಿಡುತ್ತದೆ.

ಡಿಫರೆನ್ಶಿಯಲ್: ಬಂದವರಲ್ಲಿ ಯಾರು ಯಾರು?

ಅರಿಶಿನಕ್ಕೆ ಸುಣ್ಣ ತಾಗಿದರೆ ಕೆಂಪಾಗುತ್ತದೆ. ಸುಣ್ಣದ ಕ್ಷಾರವೇ ಕಾರಣ. ಪ್ರಯೋಗಾಲಯದಲ್ಲಿಯೂ ಹೀಗೆ ಹುಳಿ ಅಥವಾ ಕ್ಷಾರ ತಾಗಿದರೆ ಬಣ್ಣ ಬದಲಿಸುವ ಪುಡಿಗಳಿವೆ. ಮಾಧ್ಯಮದಲ್ಲಿ ಒಂದು ಸಕ್ಕರೆ ಮತ್ತು ಇಂಥ ಒಂದು ಪುಡಿ ಇದ್ದರೆ, ಆ ಸಕ್ಕರೆಯನ್ನು ಹುಳಿಯಾಗಿಸುವ ಬ್ಯಾಕ್ಟೀರಿಯಾ ತನ್ನ ಸುತ್ತ ಬಣ್ಣ ಬದಲಿಸುತ್ತದೆ, ಉಳಿದದ್ದು ಬದಲಿಸುವುದಿಲ್ಲ. ಡಿಫರೆನ್ಶಿಯಲ್ ಗುಣ ಯಾರನ್ನೂ ತಡೆಯುವುದಿಲ್ಲ, ಗುರುತು ಮಾತ್ರ ಹಚ್ಚುತ್ತದೆ.

ಇವು ಎರಡು ಬೇರೆ ಗುಣಗಳು. ಒಂದೇ ಮಾಧ್ಯಮದಲ್ಲಿ ಎರಡೂ ಇರಬಹುದು. ಗುಲಾಬಿ ಚಿತ್ರದ ಮೆಕಾಂಕಿ ಅಗಾರ್ ಅಂಥದ್ದು. ಅದರಲ್ಲಿರುವ ಪಿತ್ತಲವಣ ಮತ್ತು ಕ್ರಿಸ್ಟಲ್ ವಯಲೆಟ್ ಸೆಲೆಕ್ಟಿವ್ ಕೆಲಸ ಮಾಡುತ್ತವೆ. ಕರುಳಿನಲ್ಲಿ ಪಿತ್ತರಸದ ಜೊತೆ ಬಾಳುವ ಬ್ಯಾಕ್ಟೀರಿಯಾಗಳಿಗೆ ಅವು ಸಹನೀಯ, ಗ್ರಾಂ ಪಾಸಿಟಿವ್ ಗುಂಪಿನ ಬಹುಪಾಲಿಗೆ ಅಲ್ಲ. ಲ್ಯಾಕ್ಟೋಸ್ ಅಂದರೆ ಹಾಲಿನ ಸಕ್ಕರೆ ಮತ್ತು ನ್ಯೂಟ್ರಲ್ ರೆಡ್ ಡಿಫರೆನ್ಶಿಯಲ್ ಕೆಲಸ ಮಾಡುತ್ತವೆ. ಲ್ಯಾಕ್ಟೋಸ್ ಹುಳಿಯಾದರೆ ಕಾಲನಿ ಗುಲಾಬಿಯಾಗುತ್ತದೆ.

ಕಾಲೇಜು ಪ್ರಯೋಗಾಲಯದಲ್ಲಿ ಮಾಡಿ ನೋಡುವುದು

ಪುಡಿಯನ್ನು ಡಬ್ಬಿಯ ಮೇಲೆ ಬರೆದಷ್ಟೇ ನೀರಿನಲ್ಲಿ ಕಲಸಿ, ಕುದಿಸಿ ಕರಗಿಸಿ, ಆಟೋಕ್ಲೇವ್‌ನಲ್ಲಿ 121 ಡಿಗ್ರಿ ಸೆಲ್ಸಿಯಸ್‌ನಲ್ಲಿ 15 ನಿಮಿಷ ಇಡುತ್ತಾರೆ. ಸುಮಾರು 50 ಡಿಗ್ರಿಗೆ ಆರಿದ ಮೇಲೆ ತಟ್ಟೆಗೆ ಸುರಿಯುತ್ತಾರೆ. ಒಂದು ನ್ಯೂಟ್ರಿಯೆಂಟ್ ಅಗಾರ್ ತಟ್ಟೆ, ಒಂದು ಮೆಕಾಂಕಿ ತಟ್ಟೆ ಸಾಕು. ಎರಡರ ತಳದಲ್ಲಿಯೂ ಗೆರೆ ಎಳೆದು ಮೂರು ಭಾಗ ಮಾಡಿ, ಒಂದೊಂದರಲ್ಲಿ ಇ. ಕೊಲೈ, ಸ್ಯೂಡೊಮೊನಾಸ್, ಸ್ಟಫೈಲೊಕಾಕಸ್‌ಗಳನ್ನು ಗೀರುತ್ತಾರೆ. ಮುಚ್ಚಳಕ್ಕೆ ಕಟ್ಟಿದ ಹನಿ ಕಾಲನಿಯ ಮೇಲೆ ಬೀಳದಂತೆ ತಟ್ಟೆಯನ್ನು ತಲೆಕೆಳಗಾಗಿ 37 ಡಿಗ್ರಿಯಲ್ಲಿ 18ರಿಂದ 24 ಗಂಟೆ ಇಡುತ್ತಾರೆ.

ಮರುದಿನ ನ್ಯೂಟ್ರಿಯೆಂಟ್ ಅಗಾರ್‌ನಲ್ಲಿ ಮೂರೂ ಬೆಳೆದಿರುತ್ತವೆ. ಮೆಕಾಂಕಿಯಲ್ಲಿ ಸ್ಟಫೈಲೊಕಾಕಸ್‌ನ ಭಾಗ ಸಾಮಾನ್ಯವಾಗಿ ಖಾಲಿ. ಇದು ಸೆಲೆಕ್ಟಿವ್ ಗುಣದ ಫಲ. ಇ. ಕೊಲೈ ಗುಲಾಬಿ, ಸ್ಯೂಡೊಮೊನಾಸ್ ಬಣ್ಣವಿಲ್ಲದ್ದು. ಇದು ಡಿಫರೆನ್ಶಿಯಲ್ ಗುಣದ ಫಲ.

ಸಾದಾ ಊಟದ ತಟ್ಟೆ ಏಕೆ ಬೇಕಿತ್ತು? ಅದರಲ್ಲಿ ಸ್ಟಫೈಲೊಕಾಕಸ್ ಬೆಳೆದದ್ದರಿಂದಲೇ ಅದು ಜೀವಂತವಾಗಿತ್ತು, ಮೆಕಾಂಕಿ ಅದನ್ನು ತಡೆಯಿತು ಎಂದು ಹೇಳಬಹುದು. ಅದಿಲ್ಲದಿದ್ದರೆ ತಂದ ಕಲ್ಚರ್ ಸತ್ತಿತ್ತೇನೋ ಎಂಬ ಅನುಮಾನ ಉಳಿಯುತ್ತದೆ.

ಬಣ್ಣ ಓದುವಾಗ ಎಡವುವುದೂ ಉಂಟು. ಕಾಲನಿಗಳು ಒತ್ತೊತ್ತಾಗಿದ್ದರೆ ಒಂದರ ಹುಳಿ ಪಕ್ಕಕ್ಕೆ ಹರಡಿ, ಬಣ್ಣವಿಲ್ಲದ್ದೂ ಗುಲಾಬಿಯಂತೆ ಕಾಣುತ್ತದೆ. ಆದ್ದರಿಂದ ದೂರದೂರ ಇರುವ ಕಾಲನಿಯನ್ನೇ ನೋಡಬೇಕು. ತಟ್ಟೆಯನ್ನು ಹೆಚ್ಚು ದಿನ ಬಿಟ್ಟರೆ ಬಣ್ಣದ ಗುರುತು ನಂಬುವಂತಿರುವುದಿಲ್ಲ. ನೋಡಿದ ಮೇಲೆ ತಟ್ಟೆಯನ್ನು ಕಸಕ್ಕೆ ಎಸೆಯದೆ ಮತ್ತೆ ಆಟೋಕ್ಲೇವ್ ಮಾಡಬೇಕು. ಮನೆಯಲ್ಲಿ ಈ ಪ್ರಯೋಗ ಬೇಡ.

ಹಾಗಾದರೆ ಗುಲಾಬಿ ಎಂದರೆ ಅಪಾಯವೇ?

ಬಣ್ಣ ಹೇಳುವುದು "ಇದು ಲ್ಯಾಕ್ಟೋಸ್ ಹುಳಿಯಾಗಿಸುತ್ತದೆ" ಎಂದಷ್ಟೇ, ರೋಗದ ಮಾತಲ್ಲ. ಮಣ್ಣು, ಗಿಡಗಳ ಮೇಲೆ ಬದುಕುವ ಕ್ಲೆಬ್ಸಿಯೆಲ್ಲಾ ಕೂಡ ಗುಲಾಬಿಯಾಗುತ್ತದೆ. ಎಲೆ, ಮಣ್ಣು ದಾಟಿ ಬರುವ ಅಬ್ಬಿ ನೀರಿನಲ್ಲಿ ಅದು ಸಿಕ್ಕರೆ ಆಶ್ಚರ್ಯವಿಲ್ಲ. ಗುಲಾಬಿ ಕಾಲನಿ ಇ. ಕೊಲೈಯೇ ಎಂದು ತಿಳಿಯಲು ಬೇರೆ ಪರೀಕ್ಷೆ ಬೇಕು. ಇ. ಕೊಲೈ ಎಂದು ಖಚಿತವಾದರೆ ಮಾತ್ರ ನೀರಿಗೆ ಮಲದ ಸಂಪರ್ಕ ಬಂದಿದೆ ಎನ್ನಲು ಬಲವಾದ ಸುಳಿವು ಸಿಗುತ್ತದೆ.

ಇನ್ನೊಂದು ಕಡೆಯ ತಪ್ಪು ಹೆಚ್ಚು ಅಪಾಯಕಾರಿ. ಟೈಫಾಯ್ಡ್ ತರುವ ಸಾಲ್ಮೊನೆಲ್ಲಾ ಟೈಫಿ ಮೆಕಾಂಕಿಯಲ್ಲಿ ಬಣ್ಣವಿಲ್ಲದೆ ಬೆಳೆಯುತ್ತದೆ. "ಗುಲಾಬಿ ಇಲ್ಲ, ಹಾಗಾಗಿ ನೀರು ಶುದ್ಧ" ಎಂದವರು ಅದನ್ನು ನೋಡಿಯೂ ಬಿಟ್ಟಂತೆ. ಕಾಮಾಲೆ ತರುವ ಹೆಪಟೈಟಿಸ್ ಎ ವೈರಸ್ ಅಂತೂ ಯಾವ ಅಗಾರ್‌ನಲ್ಲಿಯೂ ಬೆಳೆಯುವುದಿಲ್ಲ.

ತಟ್ಟೆ ಖಾಲಿ ಇದ್ದರೆ?

ತಟ್ಟೆಯ ಮೇಲೆ ಹರಡುವ ನೀರು ಸಾಮಾನ್ಯವಾಗಿ 0.1 ಮಿಲಿಲೀಟರ್. ಭಾರತೀಯ ಮಾನಕ ಐಎಸ್ 10500 ಪ್ರಕಾರ ಕುಡಿಯುವ ನೀರಿನ 100 ಮಿಲಿಲೀಟರ್ ಮಾದರಿಯಲ್ಲಿ ಇ. ಕೊಲೈ ಕಾಣಲೇಬಾರದು. ಅಂದರೆ ತಟ್ಟೆ ನೋಡಿದ್ದು ಅದರ ಸಾವಿರದಲ್ಲಿ ಒಂದು ಪಾಲು. 100 ಮಿಲಿಲೀಟರಿನಲ್ಲಿ 20 ಇ. ಕೊಲೈ ಇರುವ ಬಾವಿಯ ನೀರೂ ಆ ತಟ್ಟೆಯಲ್ಲಿ ಬಹುತೇಕ ಸಲ ಖಾಲಿಯಾಗಿಯೇ ಕಾಣುತ್ತದೆ. ಅದಕ್ಕೇ ನೀರಿನ ಪ್ರಯೋಗಾಲಯಗಳು 100 ಮಿಲಿಲೀಟರನ್ನು ಪೂರ್ತಿಯಾಗಿ ಸೋಸಿ ಆ ಹಾಳೆಯನ್ನು ಮಾಧ್ಯಮದ ಮೇಲಿಡುತ್ತವೆ, ಇಲ್ಲವೇ ಹಲವು ಟ್ಯೂಬುಗಳಲ್ಲಿ ನೀರು ಹಾಕಿ ಲೆಕ್ಕ ಹಾಕುತ್ತವೆ.

ಒಟ್ಟಿನಲ್ಲಿ

ಅಂಥ ಚಿತ್ರ ಬಂದಾಗ ಮೂರು ಪ್ರಶ್ನೆ ಕೇಳಿ: ಮಾಧ್ಯಮ ಯಾವುದು? ಎಷ್ಟು ನೀರು ಪರೀಕ್ಷಿಸಿದರು? ಇ. ಕೊಲೈ ಎಂದು ಖಚಿತಪಡಿಸಿದರೇ? ಉತ್ತರವಿಲ್ಲದಿದ್ದರೆ ಫಾರ್ವರ್ಡ್ ಮಾಡಬೇಡಿ. ನಿಮ್ಮ ಬಾವಿಯ ಬಗ್ಗೆಯೇ ಅನುಮಾನವಿದ್ದರೆ ನೀರಿನ ಪ್ರಯೋಗಾಲಯದಿಂದ ವರದಿ ಪಡೆಯಿರಿ. ವರದಿ ಬರುವವರೆಗೆ ಕುಡಿಯುವ ನೀರನ್ನು ಚೆನ್ನಾಗಿ ಕುದಿಸಿ ಆರಿಸಿ ಕುಡಿಯಿರಿ.