ರವೀಂದ್ರರು ಬಿಟ್ಟ ಪಲ್ಲವಿ

1912ರ ವಸಂತದಲ್ಲಿ ಇಂಗ್ಲೆಂಡಿಗೆ ಹೊರಡಬೇಕಿದ್ದ ರವೀಂದ್ರನಾಥ ಠಾಕೂರರು ಕಾಯಿಲೆ ಬಿದ್ದು, ಪದ್ಮಾ ನದಿಯ ಬಳಿಯ ಶಿಲೈದಹದಲ್ಲಿ ಉಳಿದರು. ಹೊಸದನ್ನು ಬರೆಯುವ ತ್ರಾಣವಿರಲಿಲ್ಲ. ತಮ್ಮವೇ ಹಾಡುಗಳನ್ನು ಇಂಗ್ಲಿಷಿಗೆ ತರತೊಡಗಿದರು.

ಬಂಗಾಳಿ ‘ಗೀತಾಂಜಲಿ’ಯಲ್ಲಿ 157 ಕವನಗಳು, ಇಂಗ್ಲಿಷಿನದರಲ್ಲಿ 103. ಅವುಗಳಲ್ಲಿ ಅರ್ಧದಷ್ಟು ಬೇರೆ ಸಂಕಲನಗಳಿಂದ ಬಂದವು. 95ನೆಯದಂತೂ ‘ನೈವೇದ್ಯ’ದ ಎರಡು ಕವನಗಳನ್ನು ಬೆಸೆದದ್ದು. ಬೇರೆ ಅನುವಾದಕ ಹೀಗೆ ಮಾಡಿದ್ದರೆ ಬೈಸಿಕೊಳ್ಳುತ್ತಿದ್ದ!

ಪ್ರಾಸವನ್ನು ಬಿಟ್ಟು ಅವರು ಗದ್ಯಕ್ಕೆ ಇಳಿದರು. ಮರಳಿ ಮರಳಿ ಬರುವ ಪಲ್ಲವಿಯನ್ನೂ ಹಲವೆಡೆ ಕೈಬಿಟ್ಟರು. ಅದು ಸರಿಯೆಂದೇ ನನಗನಿಸುತ್ತದೆ. ಹಾಡುವಾಗ ಪಲ್ಲವಿಗೆ ರಾಗದ ಆಸರೆ ಇರುತ್ತದೆ, ಪುಟದ ಮೇಲೆ ಅದು ಬರೀ ಪುನರುಕ್ತಿ.

ತೊಡಕಾದದ್ದು ‘ತುಮಿ’ ಎಂಬ ಪುಟ್ಟ ಪದ. ‘ಆಪನಿ’ಯ ದೂರವಿಲ್ಲದ ಅದು ನಮ್ಮ ‘ನೀನು’ವಿಗೆ ಹತ್ತಿರ. ಅದರ ಜಾಗಕ್ಕೆ ಅವರು ಆರಿಸಿದ ‘ದೌ’ ಆ ಹೊತ್ತಿಗೆ ಬೈಬಲ್ಲಿನ, ಪ್ರಾರ್ಥನೆಯ ಮಾತಾಗಿತ್ತು. ಬಂಗಾಳಿಯಲ್ಲಿ ಪಕ್ಕದಲ್ಲೇ ಕೂತಿದ್ದ ದೇವರು ಇಂಗ್ಲಿಷಿನಲ್ಲಿ ಗರ್ಭಗುಡಿಗೆ ಸರಿದ.

ನೊಬೆಲ್ ಬಂದದ್ದು 1913ರಲ್ಲಿ. ಕಷ್ಟದ ಕಡೆಗಳಿಗೆ ಅಂಜಿ ಪಕ್ಕಕ್ಕೆ ಸರಿದದ್ದರಿಂದ ತಮ್ಮ ಅನುವಾದಗಳು ನುಣುಪಾಗಿ, ತೆಳುವಾಗಿಬಿಟ್ಟವೆಂದು ಅವರೇ ಎಡ್ವರ್ಡ್ ಥಾಂಪ್ಸನ್ನರಿಗೆ ಬರೆದದ್ದು 1921ರಲ್ಲಿ.